ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಲೆಡ್ಜರ್ ತಾಳೆ: ಬಾಕಿ ನಮೂದು, ಎರಡು ಬಾರಿ ಬಿದ್ದ ನಮೂದುಗಳನ್ನು ಎಕ್ಸೆಲ್ ಸೂತ್ರಗಳಿಂದ ಹಿಡಿಯುವ ಸಮಗ್ರ ಮಾರ್ಗದರ್ಶಿ

ಎರಡು ಹಾಳೆಗಳ ನಡುವೆ VLOOKUP ಹಾಕಿ, ಎಲ್ಲ ಸಾಲುಗಳೂ ಸಿಕ್ಕಿವೆ ಎಂದು ತೋರಿದ ಮೇಲೂ ಬ್ಯಾಂಕಿನ ಶಿಲ್ಕು ಮತ್ತು ಪುಸ್ತಕದ ಶಿಲ್ಕು ಕೂಡದೆ ಉಳಿಯುತ್ತದೆ. ಈ ದೂರು ಮತ್ತೆ ಮತ್ತೆ ಬರುತ್ತದೆ, ಕಾರಣವೂ ಬಹುಪಾಲು ಒಂದೇ. ಹುಡುಕುವ ಸೂತ್ರ ಒಮ್ಮೆ ಕಂಡ ಸಾಲನ್ನು ಪಕ್ಕಕ್ಕೆ ಇಡುವುದಿಲ್ಲ. ಲೆಡ್ಜರಿನಲ್ಲಿ ಒಂದೇ ಜಮಾ ಎರಡು ಬಾರಿ ಬಿದ್ದಿದ್ದರೆ, ಎರಡೂ ಸಾಲುಗಳು ಬ್ಯಾಂಕಿನ ಅದೇ ಒಂದು ಸಾಲನ್ನು ತೋರಿಸಿ "ಸಿಕ್ಕಿದೆ" ಎನ್ನುತ್ತವೆ. ತಪ್ಪು ಅಲ್ಲಿಯೇ ಅಡಗಿ ಕೂರುತ್ತದೆ.

ಆದ್ದರಿಂದ ಇಲ್ಲಿ ಹೇಳುವ ವಿಧಾನದ ತಿರುಳು ಒಂದೇ: ಒಂದು ಸಾಲಿಗೆ ಒಂದೇ ಸಾಲು ಜೋಡಿಯಾಗಬೇಕು. ಅದಕ್ಕಾಗಿ ಪ್ರತಿ ಸಾಲಿಗೂ ಸರದಿ ಸಂಖ್ಯೆ ಇರುವ ಕೀಲಿಯೊಂದನ್ನು ಕಟ್ಟುತ್ತೇವೆ. ಹಂತಗಳ ಕ್ರಮ ಬದಲಿಸಬೇಡಿ. ಪ್ರತಿ ಹಂತವೂ ಹಿಂದಿನ ಹಂತ ಸರಿಯಾಗಿದೆ ಎಂದು ನಂಬಿ ನಡೆಯುತ್ತದೆ.

## ಕೈಯಲ್ಲಿ ಇರಬೇಕಾದದ್ದು

ಬ್ಯಾಂಕ್ ಸ್ಟೇಟ್‌ಮೆಂಟ್ ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ಬೇಕು. ಪಿಡಿಎಫ್‌ನಿಂದ ನಕಲು ಮಾಡಿ ಅಂಟಿಸಿದರೆ ಉದ್ದದ ವಿವರಣೆಗಳು ಎರಡು ಸಾಲಾಗಿ ಒಡೆಯುತ್ತವೆ, ಮೊತ್ತಗಳು ಪಕ್ಕದ ಕಾಲಮ್ಮಿಗೆ ಜಾರುತ್ತವೆ. ಲೆಡ್ಜರನ್ನು ನಿಮ್ಮ ಲೆಕ್ಕದ ತಂತ್ರಾಂಶದಿಂದ ರಫ್ತು ಮಾಡುವಾಗ ಚೆಕ್ ಸಂಖ್ಯೆ ಅಥವಾ ಯುಟಿಆರ್ ಸಂಖ್ಯೆಯ ಕಾಲಮ್ ಜೊತೆಗೆ ಬಂದಿದೆಯೇ ಎಂದು ನೋಡಿ. ಹಿಂದಿನ ತಿಂಗಳ ತಾಳೆಪಟ್ಟಿಯಲ್ಲಿ ಬಾಕಿ ಉಳಿದ ನಮೂದುಗಳೂ ಬೇಕು.

ಸೂತ್ರಗಳನ್ನು ಹಳೆಯ ಎಕ್ಸೆಲ್‌ನಲ್ಲೂ ನಡೆಯುವಂತೆ ಕೊಟ್ಟಿದ್ದೇನೆ. XLOOKUP ಇರುವುದು ಎಕ್ಸೆಲ್ 2021, ಅದರ ನಂತರದ ಆವೃತ್ತಿಗಳು ಮತ್ತು ಮೈಕ್ರೋಸಾಫ್ಟ್ 365ರಲ್ಲಿ. ಕಚೇರಿಯ ಎಲ್ಲ ಕಂಪ್ಯೂಟರುಗಳಲ್ಲಿ ಅದು ಇರುತ್ತದೆ ಎನ್ನಲಾಗದು. ಹಾಗಾಗಿ MATCH ಬಳಸುತ್ತೇವೆ. ಗೂಗಲ್ ಶೀಟ್ಸ್‌ನಲ್ಲೂ ಇವೇ ಸೂತ್ರಗಳು ನಡೆಯುತ್ತವೆ. ಲಿಬ್ರೆ ಆಫೀಸಿನಲ್ಲಿ ಹಾಳೆಯ ಹೆಸರಿನ ನಂತರದ `!` ಬದಲು ಸಾಮಾನ್ಯವಾಗಿ ಚುಕ್ಕೆ ಬರುತ್ತದೆ.

## ನಾವು ತಾಳೆ ನೋಡುವ ಲೆಕ್ಕ

ದಾವಣಗೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಅದರ ಚಾಲ್ತಿ ಖಾತೆಯ 2025ರ ಜೂನ್ ತಿಂಗಳನ್ನು ತೆಗೆದುಕೊಳ್ಳೋಣ. ಅಂಕಿಗಳು ಕಲಿಕೆಗಾಗಿ ಕಟ್ಟಿದವು, ಉಲ್ಲೇಖ ಸಂಖ್ಯೆಗಳನ್ನು ಓದಲು ಸುಲಭವಾಗಲೆಂದು ಮೊಟಕು ಮಾಡಿದ್ದೇನೆ. ಒಳಬಂದ ಹಣ ಧನ, ಹೊರಹೋದ ಹಣ ಋಣ.

ಬ್ಯಾಂಕಿನ ಕಡೆ, ಆರಂಭದ ಶಿಲ್ಕು 2,40,000:

| ತಾರೀಖು | ವಿವರ | ಉಲ್ಲೇಖ | ಮೊತ್ತ |
|---|---|---|---|
| 03 | ಚೆಕ್ ಪಾವತಿ | 004512 | −17,500 |
| 05 | ನೆಫ್ಟ್ ಜಮಾ | N0417 | 48,000 |
| 09 | ಯುಪಿಐ ಜಮಾ | U33391 | 6,500 |
| 09 | ಯುಪಿಐ ಜಮಾ | U33407 | 6,500 |
| 12 | ಚೆಕ್ ಜಮಾ | 318204 | 22,400 |
| 14 | ಚೆಕ್ ವಾಪಸ್ | 318204 | −22,400 |
| 14 | ವಾಪಸ್ ಶುಲ್ಕ | | −590 |
| 20 | ಕಾರ್ಡ್ ಯಂತ್ರದ ಜಮಾ | S00077 | 29,646 |
| 27 | ನೆಫ್ಟ್ ಪಾವತಿ | N0533 | −55,000 |

ಅಂತ್ಯದ ಶಿಲ್ಕು 2,57,556.

ಲೆಡ್ಜರಿನ ಕಡೆ, ಆರಂಭದ ಶಿಲ್ಕು 2,22,500:

| ತಾರೀಖು | ವಿವರ | ಉಲ್ಲೇಖ | ಮೊತ್ತ |
|---|---|---|---|
| 05 | ಗ್ರಾಹಕರಿಂದ ನೆಫ್ಟ್ | N0417 | 48,000 |
| 06 | ಗ್ರಾಹಕರಿಂದ ನೆಫ್ಟ್ | N0417 | 48,000 |
| 09 | ಯುಪಿಐ | U33391 | 6,500 |
| 09 | ಯುಪಿಐ | | 6,500 |
| 11 | ಚೆಕ್ ಸ್ವೀಕೃತಿ | 318204 | 22,400 |
| 19 | ಕಾರ್ಡ್ ಮಾರಾಟ | | 12,000 |
| 19 | ಕಾರ್ಡ್ ಮಾರಾಟ | | 18,000 |
| 27 | ಸರಬರಾಜುದಾರರಿಗೆ | N0533 | −55,000 |
| 30 | ಚೆಕ್ ಕೊಟ್ಟದ್ದು | 004519 | −9,800 |

ಅಂತ್ಯದ ಶಿಲ್ಕು 3,19,100. ಎರಡರ ಅಂತರ 61,544. ಈ ಅಂಕಿಯನ್ನೇ ದಿಟ್ಟಿಸಿ ಕುಳಿತರೆ ಏನೂ ತಿಳಿಯದು, ಏಕೆಂದರೆ ಇದರೊಳಗೆ ಐದು ಬೇರೆ ಬೇರೆ ಕಾರಣಗಳು ಬೆರೆತಿವೆ.

## ಹಂತ 1: ಕಡತವನ್ನು ಹಾಳು ಮಾಡದೆ ತೆರೆಯುವುದು

ಸಿಎಸ್‌ವಿ ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ತೆರೆಯುವುದೇ ಮೊದಲ ತಪ್ಪು. ಎಕ್ಸೆಲ್ ಒಂದು ಸಂಖ್ಯೆಯ ಮೊದಲ 15 ಅಂಕಿಗಳನ್ನು ಮಾತ್ರ ನೆನಪಿಡುತ್ತದೆ, ಆಮೇಲಿನವನ್ನು ಸೊನ್ನೆ ಮಾಡುತ್ತದೆ. ಅಂಕಿಗಳೇ ತುಂಬಿದ 16 ಸ್ಥಾನದ ಉಲ್ಲೇಖ ಸಂಖ್ಯೆ ಹೀಗೆ ಒಮ್ಮೆ ಕೆಟ್ಟರೆ ಆ ಹಾಳೆಯಿಂದ ಮರಳಿ ಪಡೆಯುವ ದಾರಿ ಇಲ್ಲ. ಮೂಲ ಕಡತವನ್ನೇ ಮತ್ತೆ ತೆರೆಯಬೇಕು. ಚೆಕ್ ಸಂಖ್ಯೆಯ ಮುಂದಿನ ಸೊನ್ನೆಗಳೂ ಹೀಗೆಯೇ ಮಾಯವಾಗುತ್ತವೆ.

ಬದಲಿಗೆ ಖಾಲಿ ಎಕ್ಸೆಲ್ ತೆರೆದು Data ಪಟ್ಟಿಯಿಂದ From Text/CSV ಆರಿಸಿ, Transform Data ಒತ್ತಿ, ಉಲ್ಲೇಖ ಸಂಖ್ಯೆಯ ಕಾಲಮ್ಮಿನ ಬಗೆಯನ್ನು Text ಎಂದು ಗೊತ್ತುಪಡಿಸಿ. ಆಮೇಲೆ ತುಂಬಿಸಿಕೊಳ್ಳಿ. ಎಚ್ಚರಿಕೆಯ ಗುರುತು ಸುಲಭ: ಉಲ್ಲೇಖದ ಕಾಲಮ್ಮಿನಲ್ಲಿ `4.12E+15` ಎಂಬಂತಹ ಬರಹ ಕಂಡರೆ ಅಲ್ಲಿಗೇ ನಿಲ್ಲಿಸಿ.

ಎರಡು ಹಾಳೆಗಳಿಗೆ `Bank` ಮತ್ತು `Books` ಎಂದು ಹೆಸರಿಡಿ. ಎರಡರಲ್ಲೂ ಕಾಲಮ್ಮುಗಳ ಕ್ರಮ ಒಂದೇ ಇರಲಿ: A ತಾರೀಖು, B ವಿವರ, C ಉಲ್ಲೇಖ, D ಹೊರಹೋದದ್ದು, E ಒಳಬಂದದ್ದು. ಇಲ್ಲಿ ಒಂದು ಕಡೆ ಬಹಳ ಜನ ಎಡವುತ್ತಾರೆ. ಬ್ಯಾಂಕಿನ ಕ್ರೆಡಿಟ್ ನಮ್ಮ ಲೆಡ್ಜರಿನಲ್ಲಿ ಡೆಬಿಟ್. ಆದ್ದರಿಂದ `Books` ಹಾಳೆಯಲ್ಲಿ D ಕಾಲಮ್ಮಿಗೆ ಲೆಡ್ಜರಿನ ಕ್ರೆಡಿಟ್, E ಕಾಲಮ್ಮಿಗೆ ಲೆಡ್ಜರಿನ ಡೆಬಿಟ್ ಬರಬೇಕು. ಹೀಗೆ ಜೋಡಿಸಿಕೊಂಡರೆ ಮುಂದಿನ ಎಲ್ಲ ಸೂತ್ರಗಳೂ ಎರಡು ಹಾಳೆಗಳಿಗೆ ಒಂದೇ ಆಗುತ್ತವೆ.

ತಾರೀಖುಗಳನ್ನೂ ಈಗಲೇ ಪರೀಕ್ಷಿಸಿ. ಕಾಲಮ್ಮಿನ ಒಂದಷ್ಟು ತಾರೀಖುಗಳು ಎಡಕ್ಕೆ, ಒಂದಷ್ಟು ಬಲಕ್ಕೆ ಒತ್ತಿಕೊಂಡಿದ್ದರೆ ಎಕ್ಸೆಲ್ ದಿನ ಮತ್ತು ತಿಂಗಳನ್ನು ಅದಲುಬದಲು ಮಾಡಿದೆ ಎಂದೇ ತಿಳಿಯಿರಿ. 05/06/2025 ಜೂನ್ ಐದರ ಬದಲು ಮೇ ಆರಾಗಿರುತ್ತದೆ, 14/06/2025 ಬರೀ ಪಠ್ಯವಾಗಿ ಉಳಿದಿರುತ್ತದೆ. ಅದಲುಬದಲಾದವನ್ನು ಅಲ್ಲಿಯೇ ತಿದ್ದಲು ಹೋಗಬೇಡಿ. ಮೂಲ ಕಡತವನ್ನು ಮತ್ತೆ ತೆರೆದು, ತಾರೀಖಿನ ಕಾಲಮ್ಮನ್ನೂ ಮೊದಲು ಪಠ್ಯವಾಗಿ ತಂದುಕೊಂಡು, Text to Columns ಒಳಗೆ Date: DMY ಆರಿಸಿದರೆ ಸರಿಹೋಗುತ್ತದೆ.

## ಹಂತ 2: ಹಾಳೆ ಪೂರ್ತಿ ಬಂದಿದೆಯೇ ಎಂದು ಮೊದಲು ಸಾಬೀತು ಮಾಡುವುದು

F ಕಾಲಮ್ಮಿನಲ್ಲಿ ಧನ ಅಥವಾ ಋಣ ಚಿಹ್ನೆಯುಳ್ಳ ಒಂದೇ ಮೊತ್ತ ತನ್ನಿ:

```
=ROUND(E2-D2,2)
```

ROUND ಅನ್ನು ಬಿಡಬೇಡಿ. ಕಳೆಯುವಾಗ ಕಂಪ್ಯೂಟರಿನ ಒಳಗೆ ಪೈಸೆಯ ಕೊನೆಯಲ್ಲಿ ಕಣ್ಣಿಗೆ ಕಾಣದ ಚೂರುಗಳು ಉಳಿಯಬಹುದು. ಆಗ 6,500 ಮತ್ತು 6,500 ಸಮವಲ್ಲ ಎಂಬ ಉತ್ತರ ಬರುತ್ತದೆ. `#VALUE!` ಬಂದರೆ D ಅಥವಾ E ಕೋಶದಲ್ಲಿ ಖಾಲಿ ಜಾಗ, ಗೆರೆ ಅಥವಾ "Cr" ಎಂಬಂತಹ ಅಕ್ಷರ ಕುಳಿತಿದೆ. IFERROR ಹಾಕಿ ಅದನ್ನು ಮುಚ್ಚಿದರೆ ಒಂದು ನಿಜವಾದ ಮೊತ್ತ ಸೊನ್ನೆಯಾಗಿ ಹೋಗಬಹುದು. ಆ ಕೋಶವನ್ನೇ ಸ್ವಚ್ಛ ಮಾಡಿ. ಪಠ್ಯವಾಗಿ ಉಳಿದ ಮೊತ್ತಗಳು ಎಷ್ಟಿವೆ ಎಂದು ಇದರಿಂದ ತಿಳಿಯುತ್ತದೆ, ಉತ್ತರ ಸೊನ್ನೆ ಬರಬೇಕು:

```
=SUMPRODUCT(--ISTEXT(D2:E500))
```

ಈಗ ಆರಂಭದ ಶಿಲ್ಕಿಗೆ F ಕಾಲಮ್ಮಿನ ಮೊತ್ತ ಕೂಡಿಸಿ. ಬ್ಯಾಂಕಿನ ಕಡೆ 2,40,000ಕ್ಕೆ 17,556 ಕೂಡಿದರೆ 2,57,556. ಲೆಡ್ಜರಿನ ಕಡೆ 2,22,500ಕ್ಕೆ 96,600 ಕೂಡಿದರೆ 3,19,100. ಎರಡೂ ತಮ್ಮ ತಮ್ಮ ಅಂತ್ಯದ ಶಿಲ್ಕಿಗೆ ಪೈಸೆ ಬಿಡದೆ ಬರಬೇಕು. ಬರದಿದ್ದರೆ ಸಾಲುಗಳು ಬಿಟ್ಟುಹೋಗಿವೆ, ಅಥವಾ ಮಧ್ಯದ ಪುಟ ಮೊತ್ತಗಳು ಸಾಲುಗಳೆಂದು ಸೇರಿಕೊಂಡಿವೆ. ಈ ಪರೀಕ್ಷೆ ಪಾಸಾಗದೆ ಮುಂದೆ ಹೋದರೆ ಕೊನೆಯಲ್ಲಿ ಸಿಗುವ ಅಂತರ ಲೆಕ್ಕದ್ದೋ ಕಡತದ್ದೋ ಎಂದು ಹೇಳಲು ಯಾರಿಂದಲೂ ಆಗದು.

ಇದಾದ ಮೇಲೆಯೇ, ಹಿಂದಿನ ತಿಂಗಳ ಬಾಕಿಗಳನ್ನು ಆಯಾ ಹಾಳೆಯ ಕೊನೆಗೆ ಸೇರಿಸಿ. ನಮ್ಮ ಲೆಕ್ಕದಲ್ಲಿ ಅಂಥದ್ದು ಒಂದೇ: ಮೇ 29ರಂದು ಕೊಟ್ಟ 4512 ಸಂಖ್ಯೆಯ ಚೆಕ್, −17,500. ಅದು `Books` ಹಾಳೆಯ ಕೊನೆಯ ಸಾಲಾಗುತ್ತದೆ. ಇದರ ಹಣ ಲೆಡ್ಜರಿನ ಆರಂಭದ ಶಿಲ್ಕಿನಲ್ಲಿ ಈಗಾಗಲೇ ಕಳೆದುಹೋಗಿದೆ. ಮೊದಲೇ ಸೇರಿಸಿದ್ದರೆ ಮೇಲಿನ ಪರೀಕ್ಷೆ ಸುಳ್ಳೇ ತಪ್ಪು ತೋರಿಸುತ್ತಿತ್ತು.

## ಹಂತ 3: ಉಲ್ಲೇಖ ಸಂಖ್ಯೆಯನ್ನು ಸ್ವಚ್ಛ ಮಾಡುವುದು

ಕೆಲವು ಸ್ಟೇಟ್‌ಮೆಂಟ್‌ಗಳಲ್ಲಿ ಉಲ್ಲೇಖಕ್ಕೆ ಪ್ರತ್ಯೇಕ ಕಾಲಮ್ ಇರುವುದಿಲ್ಲ. ಅದು ವಿವರಣೆಯ ಹೊಟ್ಟೆಯಲ್ಲಿ ಇರುತ್ತದೆ. ವಿವರಣೆ `UPI/CR/515600001234/...` ಎಂಬ ರೀತಿಯಲ್ಲಿದ್ದರೆ ಓರೆಗೆರೆಗಳ ನಡುವಿನ ಮೂರನೆಯ ತುಂಡನ್ನು ಹೀಗೆ ತೆಗೆಯಬಹುದು:

```
=TRIM(MID(SUBSTITUTE(B2,"/",REPT(" ",100)),201,100))
```

ಎರಡನೆಯ ತುಂಡು ಬೇಕಿದ್ದರೆ 201ರ ಬದಲು 101. ಬ್ಯಾಂಕಿನಿಂದ ಬ್ಯಾಂಕಿಗೆ ಈ ರಚನೆ ಬದಲಾಗುತ್ತದೆ, ಒಂದೇ ಬ್ಯಾಂಕಿನಲ್ಲೂ ನೆಫ್ಟ್‌ಗೆ ಒಂದು ರೀತಿ, ಯುಪಿಐಗೆ ಇನ್ನೊಂದು ರೀತಿ ಇರಬಹುದು. ತೆಗೆದ ಸಂಖ್ಯೆ ಸರಿಯೇ ಎಂದು ಅದರ ಉದ್ದದಿಂದ ತಿಳಿಯುತ್ತದೆ: ಯುಪಿಐ ವಹಿವಾಟಿನ ಉಲ್ಲೇಖ 12 ಅಂಕಿ, ನೆಫ್ಟ್‌ನ ಯುಟಿಆರ್ 16 ಸ್ಥಾನ, ಆರ್‌ಟಿಜಿಎಸ್‌ನದು 22 ಸ್ಥಾನ, ಚೆಕ್ 6 ಅಂಕಿ. LEN ಹಾಕಿ ನೋಡಿದರೆ ಬೇರೆ ಉದ್ದದವು ತಾವಾಗಿಯೇ ಎದ್ದು ಕಾಣುತ್ತವೆ. ಹೀಗೆ ತೆಗೆದದ್ದನ್ನು C ಕಾಲಮ್ಮಿಗೆ ಮೌಲ್ಯವಾಗಿ ಅಂಟಿಸಿ.

G ಕಾಲಮ್ಮಿನಲ್ಲಿ ಕಾಣದ ಜಾಗಗಳನ್ನು ತೆಗೆಯುತ್ತೇವೆ:

```
=UPPER(TRIM(SUBSTITUTE(C2,UNICHAR(160),"")))
```

ಬ್ಯಾಂಕಿನ ಜಾಲತಾಣದಿಂದ ಬಂದ ದತ್ತಾಂಶದಲ್ಲಿ 160ನೆಯ ಸಂಕೇತದ ಜಾಗವೊಂದು ಅಂಟಿಕೊಂಡಿರಬಹುದು. TRIM ಒಂದರಿಂದಲೇ ಅದು ಹೋಗುವುದಿಲ್ಲ. ಕಣ್ಣಿಗೆ ಎರಡು ಸಂಖ್ಯೆಗಳು ಒಂದೇ ಎಂದು ಕಂಡರೂ ಸೂತ್ರ ಒಪ್ಪದಿದ್ದಾಗ ಮೊದಲು ಇದನ್ನೇ ಶಂಕಿಸಿ.

H ಕಾಲಮ್ಮಿನಲ್ಲಿ ಚೆಕ್ ಸಂಖ್ಯೆಗಳಿಗೆ ಸೊನ್ನೆ ತುಂಬುತ್ತೇವೆ:

```
=IF(AND(LEN(G2)>0,LEN(G2)<6),RIGHT("000000"&G2,6),G2)
```

ಲೆಡ್ಜರಿನಲ್ಲಿ 4512 ಎಂದು ಬರೆದದ್ದು ಈಗ 004512 ಆಗಿ ಬ್ಯಾಂಕಿನದಕ್ಕೆ ಹೊಂದುತ್ತದೆ. ನಮ್ಮ ಮೊಟಕು ಮಾಡಿದ N0417 ಎರಡೂ ಕಡೆ 0N0417 ಆಗುತ್ತದೆ, ಅದರಿಂದ ತೊಂದರೆ ಇಲ್ಲ. ನಿಜವಾದ ಯುಟಿಆರ್‌ಗೆ ಈ ಸೂತ್ರ ತಾಗುವುದೇ ಇಲ್ಲ.

## ಹಂತ 4: ಸರದಿ ಸಂಖ್ಯೆಯುಳ್ಳ ಕೀಲಿ

ಇಡೀ ವಿಧಾನ ನಿಂತಿರುವುದು ಈ ಹಂತದ ಮೇಲೆ. I ಕಾಲಮ್ಮಿನಲ್ಲಿ ಉಲ್ಲೇಖ ಮತ್ತು ಮೊತ್ತವನ್ನು ಬೆಸೆಯುತ್ತೇವೆ:

```
=IF(H2="","",H2&"_"&TEXT(F2,"0.00"))
```

J ಕಾಲಮ್ಮಿನಲ್ಲಿ, ಮೇಲಿನಿಂದ ಈ ಸಾಲಿನವರೆಗೆ ಅದೇ ಕೀಲಿ ಎಷ್ಟನೆಯ ಬಾರಿ ಬಂದಿದೆ ಎಂಬ ಸರದಿಯನ್ನು ಸೇರಿಸುತ್ತೇವೆ:

```
=IF(I2="","",I2&"_"&COUNTIFS(I$2:I2,I2))
```

`I$2:I2` ಎಂಬಲ್ಲಿ ಮೊದಲ ಸಂಖ್ಯೆಗೆ ಮಾತ್ರ ಡಾಲರ್ ಗುರುತು ಇದೆ. ಸೂತ್ರ ಕೆಳಗಿಳಿದಂತೆ ಎಣಿಕೆಯ ವ್ಯಾಪ್ತಿ ಬೆಳೆಯುತ್ತಾ ಹೋಗಬೇಕು. ಎರಡಕ್ಕೂ ಡಾಲರ್ ಹಾಕಿದರೆ ಸರದಿ ಬೆಳೆಯುವುದಿಲ್ಲ. ಈ ಸೂತ್ರಗಳನ್ನು ಎರಡೂ ಹಾಳೆಗಳ ಕೊನೆಯ ಸಾಲಿನವರೆಗೆ ಎಳೆಯಿರಿ.

ನಮ್ಮ ಲೆಡ್ಜರಿನ ಜೂನ್ 5ರ ನೆಫ್ಟ್ ಈಗ `0N0417_48000.00_1`, ಜೂನ್ 6ರದು `0N0417_48000.00_2`. ಬ್ಯಾಂಕಿನಲ್ಲಿ `_1` ಮಾತ್ರ ಇದೆ. ಆದ್ದರಿಂದ `_2`ಕ್ಕೆ ಜೋಡಿ ಸಿಗುವುದಿಲ್ಲ. ವಾಪಸಾದ ಚೆಕ್ಕನ್ನೂ ಇದೇ ಕೀಲಿ ಸರಿಯಾಗಿ ನೋಡಿಕೊಳ್ಳುತ್ತದೆ. 318204 ಬ್ಯಾಂಕಿನಲ್ಲಿ ಎರಡು ಬಾರಿ ಬಂದಿದ್ದರೂ ಒಂದರ ಮೊತ್ತ ಧನ, ಇನ್ನೊಂದರದು ಋಣ, ಹಾಗಾಗಿ ಕೀಲಿಗಳೇ ಬೇರೆ. ಅದೇ ಚೆಕ್ಕನ್ನು ಮತ್ತೆ ಬ್ಯಾಂಕಿಗೆ ಹಾಕಿ ಅದು ಪಾಸಾದರೆ ಅದು ಧನ ಮೊತ್ತದ `_2` ಆಗುತ್ತದೆ.

ಕೀಲಿಯ ನಡುವಿನ ಅಡಿಗೆರೆ ಅಲಂಕಾರಕ್ಕೆ ಹಾಕಿದ್ದಲ್ಲ. COUNTIFS ಬರೀ ಅಂಕಿಗಳ ಪಠ್ಯವನ್ನು ಸಂಖ್ಯೆಯೆಂದು ಭಾವಿಸಿ 15 ಅಂಕಿಗಳವರೆಗೆ ಮಾತ್ರ ಹೋಲಿಸುತ್ತದೆ. ಕೊನೆಯ ಅಂಕಿ ಮಾತ್ರ ಬೇರೆಯಿರುವ ಎರಡು 16 ಅಂಕಿಯ ಉಲ್ಲೇಖಗಳನ್ನು ಅದು ಒಂದೇ ಎನ್ನುತ್ತದೆ. ಅಡಿಗೆರೆ ಬಂದೊಡನೆ ಇಡೀ ಕೀಲಿ ಪಠ್ಯವಾಗಿಯೇ ಉಳಿಯುತ್ತದೆ.

ಇಲ್ಲಿಂದ ಮುಂದೆ ಹಾಳೆಯನ್ನು ವಿಂಗಡಿಸಬೇಡಿ, ಅಂದರೆ Sort ಮಾಡಬೇಡಿ. ಬೆಳೆಯುವ ವ್ಯಾಪ್ತಿಯ ಸೂತ್ರಗಳು ಕಲಸಿಹೋಗುತ್ತವೆ. ಬೇಕಾದ ಸಾಲುಗಳನ್ನು ನೋಡಲು Filter ಸಾಕು.

## ಹಂತ 5: ಮೊದಲ ಸುತ್ತಿನ ಹುಡುಕಾಟ

`Bank` ಹಾಳೆಯ K ಕಾಲಮ್ಮಿನಲ್ಲಿ:

```
=IF(J2="","ಬಾಕಿ",IF(ISNUMBER(MATCH(J2,Books!$J$2:$J$500,0)),
"ಹೊಂದಿದೆ","ಬಾಕಿ"))
```

`Books` ಹಾಳೆಯಲ್ಲೂ ಇದೇ, `Books!` ಇರುವಲ್ಲಿ `Bank!` ಎಂದು ಬದಲಿಸಿ. ಒಂದೇ ಕಡೆಯಿಂದ ಹುಡುಕಿ ಮುಗಿಸುವವರು ಬಹಳ. ಬ್ಯಾಂಕಿನಿಂದ ಮಾತ್ರ ನೋಡಿದರೆ ಲೆಡ್ಜರಿನಲ್ಲಿ ಹೆಚ್ಚಾಗಿ ಬಿದ್ದದ್ದು ಎಂದಿಗೂ ಕಾಣುವುದಿಲ್ಲ.

MATCH ಕೊನೆಯಲ್ಲಿರುವ `0` ಮರೆತರೆ ಎಕ್ಸೆಲ್ ಹತ್ತಿರದ್ದನ್ನು ಹುಡುಕಿ ತಪ್ಪು ಸಾಲನ್ನು ಸಿಕ್ಕಿದೆ ಎನ್ನುತ್ತದೆ. ವ್ಯಾಪ್ತಿಯ 500 ನಿಮ್ಮ ಸಾಲುಗಳಿಗಿಂತ ಹೆಚ್ಚಿರಬೇಕು. ಕಡಿಮೆಯಾದರೆ ಕೆಳಗಿನ ಸಾಲುಗಳು ಯಾವ ಸದ್ದೂ ಇಲ್ಲದೆ ಬಾಕಿಯಾಗುತ್ತವೆ. ತಿಂಗಳ ಕೊನೆಯ ದಿನಗಳ ಸಾಲುಗಳೇ ಒಟ್ಟಾಗಿ ಬಾಕಿ ಎಂದು ಬಂದರೆ ಇದೇ ಕಾರಣವಿರಬಹುದು.

ಎರಡೂ ಕಡೆಯ "ಹೊಂದಿದೆ" ಸಾಲುಗಳ ಸಂಖ್ಯೆ ಸಮವಿರಬೇಕು. ನಮ್ಮಲ್ಲಿ ಐದು ಮತ್ತು ಐದು: 004512, N0417ರ ಮೊದಲನೆಯದು, U33391, 318204ರ ಜಮಾ, N0533. ಬ್ಯಾಂಕಿನಲ್ಲಿ ನಾಲ್ಕು, ಲೆಡ್ಜರಿನಲ್ಲಿ ಐದು ಸಾಲು ಬಾಕಿ ಉಳಿದವು.

## ಹಂತ 6: ಎರಡು ಬಾರಿ ಬಿದ್ದದ್ದನ್ನು ಹೆಸರಿಟ್ಟು ತೋರಿಸುವುದು

ಬಾಕಿ ಪಟ್ಟಿಯಲ್ಲಿ `_2` ಎಂದು ಕೊನೆಯಾಗುವ ಕೀಲಿ ಕಂಡರೆ ಅದು ಪುನರಾವರ್ತನೆಯ ಗುರುತು. ಆದರೂ ಜೋಡಿಯ ಎರಡೂ ಸಾಲುಗಳು ಕಣ್ಣಿಗೆ ಬೀಳುವುದು ಒಳ್ಳೆಯದು. P ಕಾಲಮ್ಮಿನಲ್ಲಿ:

```
=IF(I2="","",IF(AND(COUNTIFS(I$2:I$500,I2)>1,
COUNTIFS(I$2:I$500,I2)>COUNTIFS(Bank!I$2:I$500,I2)),
"ಎರಡು ಬಾರಿ",""))
```

ಇದು `Books` ಹಾಳೆಗೆ. `Bank` ಹಾಳೆಯಲ್ಲಿ `Books!` ಎಂದು ಹಾಕಿ. ಇಲ್ಲಿ ಎರಡಿದ್ದು ಅಲ್ಲಿಯೂ ಎರಡಿದ್ದರೆ ಅವು ನಿಜವಾದ ಎರಡು ವಹಿವಾಟುಗಳು, ಸೂತ್ರ ಸುಮ್ಮನಿರುತ್ತದೆ. ಇಲ್ಲಿನ ಎಣಿಕೆ ಹೆಚ್ಚಾದಾಗ ಮಾತ್ರ ಗುರುತು ಬರುತ್ತದೆ.

ಸೂತ್ರ ಜೂನ್ 6ರ ಸಾಲನ್ನು ಬಾಕಿ ಎಂದಿರುವುದು ಅದು ಕೆಳಗಿದೆ ಎಂಬ ಕಾರಣಕ್ಕೆ ಮಾತ್ರ. ಎರಡರಲ್ಲಿ ಯಾವುದನ್ನು ಅಳಿಸಬೇಕು ಎಂಬುದನ್ನು ವೋಚರ್ ತೆಗೆದು ನೋಡಿಯೇ ತೀರ್ಮಾನಿಸಿ. ಒಂದು ವೋಚರ್ ಸರಿಯಾದ ಬಿಲ್ಲಿಗೆ ಜಮಾ ಆಗಿ, ಇನ್ನೊಂದು ಮುಂಗಡವೆಂದು ಬಿದ್ದಿರಬಹುದು. ಬಿಲ್ಲಿಗೆ ಜಮಾ ಆದದ್ದನ್ನು ಅಳಿಸಿದರೆ ಬ್ಯಾಂಕ್ ಲೆಕ್ಕ ಸರಿಯಾಗಿ, ಗ್ರಾಹಕರ ಖಾತೆ ಕೆಡುತ್ತದೆ.

ಒಬ್ಬರು ಯುಟಿಆರ್ ಹಾಕಿ, ಇನ್ನೊಬ್ಬರು ಹಾಕದೆ ಒಂದೇ ಜಮಾವನ್ನು ಬರೆದಿದ್ದರೆ ಈ ಸೂತ್ರಕ್ಕೆ ಅದು ಸಿಗುವುದಿಲ್ಲ. ಅಂಥದ್ದಕ್ಕೆ ಅದೇ ಹಾಳೆಯಲ್ಲಿ ಮೂರು ದಿನಗಳ ಒಳಗೆ ಅದೇ ಮೊತ್ತ ಎಷ್ಟು ಬಾರಿ ಬಂದಿದೆ ಎಂದು ಎಣಿಸಿ:

```
=COUNTIFS(F$2:F$500,F2,A$2:A$500,">="&A2-3,
A$2:A$500,"<="&A2+3)
```

ಉತ್ತರ ಎರಡು ಬಂದರೆ ಅದು ಶಂಕೆ ಮಾತ್ರ. ನಮ್ಮ 6,500ರ ಎರಡು ಯುಪಿಐ ಜಮಾಗಳೂ ಇಲ್ಲಿ ಎರಡು ಎಂದೇ ಬರುತ್ತವೆ, ಆದರೆ ಬ್ಯಾಂಕಿನಲ್ಲಿ ಎರಡು ಬೇರೆ ಉಲ್ಲೇಖ ಸಂಖ್ಯೆಗಳಿವೆ. ಮೊತ್ತ ಒಂದೇ ಎಂದು ಅಳಿಸಿದ್ದರೆ ನಿಜವಾಗಿ ಹಣ ಕೊಟ್ಟ ಗ್ರಾಹಕರೊಬ್ಬರು ಬಾಕಿದಾರರಾಗುತ್ತಿದ್ದರು.

## ಹಂತ 7: ಉಳಿದವನ್ನು ಮೊತ್ತ ಮತ್ತು ತಾರೀಖಿನಿಂದ ನೋಡುವುದು

ಉಲ್ಲೇಖ ಸಂಖ್ಯೆ ಇಲ್ಲದ ಸಾಲುಗಳನ್ನು ಸೂತ್ರ ತಾನೇ ಜೋಡಿಸಬಾರದು. ಅದು ಜೋಡಿಯಾಗಬಹುದಾದವನ್ನು ಎಣಿಸಿ ಕೊಡಲಿ, ಒಪ್ಪಿಗೆ ನೀವು ಕೊಡಿ. `Bank` ಹಾಳೆಯ L ಕಾಲಮ್ಮಿನಲ್ಲಿ:

```
=IF(K2="ಬಾಕಿ",COUNTIFS(Books!$F$2:$F$500,F2,
Books!$K$2:$K$500,"ಬಾಕಿ",
Books!$A$2:$A$500,">="&A2-7,
Books!$A$2:$A$500,"<="&A2+3),"")
```

ಲೆಡ್ಜರಿನ ತಾರೀಖು ಬ್ಯಾಂಕಿನದಕ್ಕಿಂತ ಏಳು ದಿನ ಹಿಂದೆ ಅಥವಾ ಮೂರು ದಿನ ಮುಂದೆ ಇರಬಹುದು ಎಂಬ ಅಂದಾಜು ಇಲ್ಲಿದೆ. `Books` ಹಾಳೆಯಲ್ಲಿ ಇದನ್ನು ತಿರುಗಿಸಬೇಕು: `A2-3` ಮತ್ತು `A2+7`. ವ್ಯಾಪ್ತಿಯನ್ನು ತಿಂಗಳಿಡೀ ಹಿಗ್ಗಿಸುವ ಆಸೆ ಬೇಡ. ಹಿಗ್ಗಿದಷ್ಟೂ ಸಂಬಂಧವಿಲ್ಲದ ಸಾಲುಗಳು ಜೋಡಿಯಾಗಿ ಕಾಣುತ್ತವೆ. ಬ್ಯಾಂಕಿನ ತಾರೀಖಿನ ಜೊತೆ ಗಂಟೆ ನಿಮಿಷವೂ ಇದ್ದರೆ ಅಂಚಿನ ದಿನಗಳು ತಪ್ಪಿಹೋಗುತ್ತವೆ. INT ಬಳಸಿ ಅವನ್ನು ಮೊದಲೇ ತೆಗೆದುಬಿಡಿ.

ಎರಡೂ ಹಾಳೆಗಳಲ್ಲಿ ಎಣಿಕೆ 1 ಬಂದರೆ ಮಾತ್ರ ಅದು ನಂಬಬಹುದಾದ ಜೋಡಿ. ನಮ್ಮ U33407 ಹೀಗೆ ಲೆಡ್ಜರಿನ ಉಲ್ಲೇಖವಿಲ್ಲದ 6,500ಕ್ಕೆ ಸಿಕ್ಕಿತು. ಮೊದಲ ಸುತ್ತಿನಲ್ಲಿ U33391 ಪಕ್ಕಕ್ಕೆ ಹೋಗಿದ್ದರಿಂದಲೇ ಇಲ್ಲಿ ಗೊಂದಲವಾಗಲಿಲ್ಲ. ಬ್ಯಾಂಕಿನಲ್ಲಿ 1, ಲೆಡ್ಜರಿನಲ್ಲಿ 2 ಎಂದು ಬಂದರೆ ಬ್ಯಾಂಕಿನ ಎರಡು ಸಾಲುಗಳು ಲೆಡ್ಜರಿನ ಒಂದೇ ಸಾಲಿಗೆ ಕೈಚಾಚಿವೆ ಎಂದರ್ಥ.

ಇದರ ಜೊತೆಗೆ, ಉಲ್ಲೇಖ ಸರಿಯಾಗಿದ್ದು ಮೊತ್ತ ತಪ್ಪಿದ ಸಾಲುಗಳನ್ನೂ ಖಾಲಿ ಕಾಲಮ್ಮೊಂದರಲ್ಲಿ ನೋಡಿಬಿಡಿ:

```
=IF(AND(K2="ಬಾಕಿ",H2<>""),IFERROR(INDEX(Books!$F$2:$F$500,
MATCH(H2,Books!$H$2:$H$500,0)),""),"")
```

ಇಲ್ಲಿ ಕಾಣುವ ಮೊತ್ತ ಮತ್ತು ಸಾಲಿನ ಮೊತ್ತದ ಅಂತರ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಹಿಂದುಮುಂದಾಗಿರುವ ಸಾಧ್ಯತೆ ಹೆಚ್ಚು, 45,900ರ ಬದಲು 49,500 ಬರೆದಂತೆ. ಮೊತ್ತ ಅಷ್ಟೇ ಇದ್ದು ಧನ ಋಣ ಚಿಹ್ನೆ ಮಾತ್ರ ತಿರುವಾಗಿದ್ದರೆ ಅದು ವಾಪಸಾದ ವಹಿವಾಟು, ಅಥವಾ ಪಾವತಿಯನ್ನು ಸ್ವೀಕೃತಿಯೆಂದು ಬರೆದದ್ದು. ನಮ್ಮ 318204ರ ಋಣ ಸಾಲು ಇಲ್ಲಿ 22,400 ತೋರಿಸಿ, ಚೆಕ್ ವಾಪಸಾದದ್ದನ್ನು ಲೆಡ್ಜರಿನಲ್ಲಿ ಬರೆದೇ ಇಲ್ಲ ಎಂದು ಹೇಳುತ್ತದೆ.

## ಹಂತ 8: ಹಲವಕ್ಕೆ ಒಂದು ಎಂಬ ಗುಂಪುಗಳು

ಕಾರ್ಡ್ ಯಂತ್ರದ ಮಾರಾಟ ಲೆಡ್ಜರಿನಲ್ಲಿ 12,000 ಮತ್ತು 18,000. ಬ್ಯಾಂಕಿಗೆ ಬಂದದ್ದು 29,646. ಯಾವ ಹುಡುಕುವ ಸೂತ್ರಕ್ಕೂ ಇದು ಸಿಗದು. ಇಂಥ ಸಾಲುಗಳಿಗೆ M ಕಾಲಮ್ಮಿನಲ್ಲಿ ಕೈಯಾರೆ ಗುಂಪಿನ ಗುರುತು ಬರೆಯಿರಿ. ಹಿಂದಿನ ಹಂತದಲ್ಲಿ ಒಪ್ಪಿದ 6,500ರ ಜೋಡಿಗೆ ಎರಡೂ ಕಡೆ "ಗ1", ಕಾರ್ಡಿನ ಮೂರು ಸಾಲುಗಳಿಗೆ "ಗ2". N ಕಾಲಮ್ಮು ಆ ಗುಂಪಿನ ಅಂತರವನ್ನು ಕೊಡುತ್ತದೆ:

```
=IF(M2="","",ROUND(SUMIFS(Bank!$F$2:$F$500,Bank!$M$2:$M$500,M2)
-SUMIFS(Books!$F$2:$F$500,Books!$M$2:$M$500,M2),2))
```

ಗ2ಕ್ಕೆ −354 ಬರುತ್ತದೆ. ಯಂತ್ರ ಕೊಟ್ಟವರ ಪಟ್ಟಿ ನೋಡಿದರೆ 30,000ಕ್ಕೆ ಶೇ. 1ರಂತೆ 300 ಶುಲ್ಕ, ಅದರ ಮೇಲೆ ಶೇ. 18ರಂತೆ 54 ಜಿಎಸ್‌ಟಿ. ಲೆಕ್ಕ ಕೂಡಿತು. ಈ 354ನ್ನು ಲೆಡ್ಜರಿನಲ್ಲಿ ಖರ್ಚಾಗಿ ನಮೂದಿಸಿ, `Books` ಹಾಳೆಯಲ್ಲೂ −354ರ ಸಾಲು ಸೇರಿಸಿ, ಅದಕ್ಕೂ ಗ2 ಎಂದು ಬರೆಯಿರಿ. ಸೂತ್ರಗಳನ್ನು ಆ ಸಾಲಿಗೂ ಎಳೆಯಿರಿ. ಈಗ ಅಂತರ ಸೊನ್ನೆ, ಲೆಡ್ಜರಿನ ಶಿಲ್ಕು 3,18,746.

ಸಣ್ಣ ಅಂತರವೆಂದು "ಇತರೆ ಖರ್ಚು" ಬರೆದು ಗುಂಪು ಮುಚ್ಚುವ ಅಭ್ಯಾಸ ಅಪಾಯಕಾರಿ. ಶುಲ್ಕದ ದರಕ್ಕೆ ಸರಿಹೊಂದದ ಅಂತರ ಎಂದರೆ ಬೇರೊಂದು ದಿನದ ಮಾರಾಟ ಈ ಜಮಾದಲ್ಲಿ ಸೇರಿದೆ ಅಥವಾ ಒಂದು ಮಾರಾಟ ಬಂದೇ ಇಲ್ಲ. "ಹೊಂದಿದೆ" ಎಂದಿರುವ ಸಾಲಿಗೆ ಗುಂಪಿನ ಗುರುತನ್ನು ಎಂದಿಗೂ ಕೊಡಬೇಡಿ, ಒಂದೇ ಹಣ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ.

O ಕಾಲಮ್ಮಿನಲ್ಲಿ ಕೊನೆಯ ಸ್ಥಿತಿ:

```
=IF(K2="ಹೊಂದಿದೆ",K2,IF(N2=0,"ಗುಂಪು","ಬಾಕಿ"))
```

## ಹಂತ 9: ಕೊನೆಯ ಪರೀಕ್ಷೆ

ಈಗ ಉಳಿದ ಬಾಕಿಗಳಿಂದಲೇ ಎರಡು ಶಿಲ್ಕುಗಳ ಅಂತರ ಪೂರ್ತಿ ವಿವರಣೆಯಾಗಬೇಕು. ಪ್ರತಿ ಹಾಳೆಯಲ್ಲೂ ಬಾಕಿಯ ಮೊತ್ತ ತೆಗೆಯಿರಿ:

```
=SUMIFS(F2:F500,O2:O500,"ಬಾಕಿ")
```

`Books` ಹಾಳೆಯಲ್ಲಿ ಉಳಿದದ್ದು ಎರಡನೆಯ 48,000 ಮತ್ತು 004519 ಚೆಕ್ಕಿನ −9,800, ಒಟ್ಟು 38,200. `Bank` ಹಾಳೆಯಲ್ಲಿ −22,400 ಮತ್ತು −590, ಒಟ್ಟು −22,990. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 61,190. ಶಿಲ್ಕುಗಳ ಅಂತರವೂ 3,18,746ರಿಂದ 2,57,556 ಕಳೆದರೆ 61,190. ಇವೆರಡು ಒಂದಾಗದಿದ್ದರೆ ಹಿಂದಿನ ತಿಂಗಳ ಬಾಕಿಯೊಂದು ಬಿಟ್ಟುಹೋಗಿದೆ, ಅಥವಾ ಕಳೆದ ತಿಂಗಳ ತಾಳೆಯ ನಂತರ ಯಾರೋ ಹಳೆಯ ತಾರೀಖಿನಲ್ಲಿ ವೋಚರ್ ಸೇರಿಸಿದ್ದಾರೆ ಅಥವಾ ತಿದ್ದಿದ್ದಾರೆ. ಲೆಡ್ಜರಿನ ಆರಂಭದ ಶಿಲ್ಕನ್ನು ಕಳೆದ ತಿಂಗಳ ತಾಳೆಪಟ್ಟಿಯಲ್ಲಿರುವ ಶಿಲ್ಕಿನ ಜೊತೆ ಹೋಲಿಸಿದರೆ ಗೊತ್ತಾಗುತ್ತದೆ.

ಇನ್ನು ತಿದ್ದುಪಡಿ. ಹೆಚ್ಚಾಗಿ ಬಿದ್ದ 48,000 ತೆಗೆಯಿರಿ, ವಾಪಸಾದ 22,400ನ್ನು ಗ್ರಾಹಕರ ಖಾತೆಗೆ ಹಿಂದಿರುಗಿಸಿ, 590ನ್ನು ಬ್ಯಾಂಕ್ ಶುಲ್ಕ 500 ಮತ್ತು ಜಿಎಸ್‌ಟಿ 90 ಎಂದು ಬೇರ್ಪಡಿಸಿ ಬರೆಯಿರಿ. ಲೆಡ್ಜರಿನ ಶಿಲ್ಕು 2,47,756ಕ್ಕೆ ಬರುತ್ತದೆ. ಬ್ಯಾಂಕಿನ 2,57,556ರಿಂದ ಇನ್ನೂ ಪಾಸಾಗದ 9,800ರ ಚೆಕ್ ಕಳೆದರೂ 2,47,756.

004519 ಚೆಕ್ ಜುಲೈ ತಿಂಗಳ `Books` ಹಾಳೆಯ ಕೊನೆಯ ಸಾಲಾಗಿ ಹೋಗುತ್ತದೆ, ತನ್ನ ಮೂಲ ತಾರೀಖಿನೊಂದಿಗೆ. ಆ ತಾರೀಖನ್ನು ಬದಲಿಸಬೇಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2012ರ ಏಪ್ರಿಲ್ 1ರಿಂದ ಚೆಕ್ಕಿಗೆ ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು ಮಾತ್ರ ಬೆಲೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೂ ಅದು ಬಾಕಿ ಪಟ್ಟಿಯಲ್ಲೇ ಇದ್ದರೆ ಸರಬರಾಜುದಾರರನ್ನು ಕೇಳಿ, ಹಳೆಯ ನಮೂದನ್ನು ತಿರುಗಿಸಿ ಹೊಸ ಚೆಕ್ ಬರೆಯಬೇಕಾಗುತ್ತದೆ.